ಸಹಾಯ ಬೇಕು: ‘ಕಥೆ’ ಎಂದಿಡಬೇಕೋ, ‘ಕತೆ’ ಎಂದೋ?

ನಮಸ್ಕಾರ. ಮಂಡ್ಯದ ಹೈಸ್ಕೂಲು ಮಕ್ಕಳು ಬರೆದ ಕಥೆಗಳ ಕರಡು ತಿದ್ದುತ್ತಿದ್ದೇವೆ. ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇವೆ.

‘ಶಿಕ್ಷಣ’ದಂಥ ತತ್ಸಮದಲ್ಲಿ ಗೊಂದಲವಿಲ್ಲ, ಇದ್ದಂತೆಯೇ ಬರೆಯಬೇಕು. ತದ್ಭವದಲ್ಲಿ ಪದದ ರೂಪವೇ ಬದಲಾಗಿ ಮಹಾಪ್ರಾಣ ಬಿದ್ದುಹೋಗಿರುತ್ತದೆ: ಸಂಧ್ಯಾ ಸಂಜೆಯಾಯಿತು, ಧ್ವನಿ ದನಿಯಾಯಿತು. ಮಕ್ಕಳು ‘ಮೆಲು ಧನಿ’ ಎಂದು ಬರೆದಿದ್ದರು. ಧನಿ ಎಂದರೆ ಹಣವಂತ, ಹಾಗಾಗಿ ತಿದ್ದಿದೆವು. ನೀರಿನ ಬಾವಿಗೂ ಭ ಹಾಕಿದ್ದರು. ಅದರ ಮೂಲ ‘ವಾಪಿ’ಯಲ್ಲೇ ಮಹಾಪ್ರಾಣವಿಲ್ಲ, ಮೇಲಾಗಿ ‘ಭಾವಿ’ ಎಂದರೆ ಮುಂದೆ ಆಗುವಂಥದ್ದು.

ತೊಡಕಿರುವುದು ಎರಡೂ ರೂಪ ಬಳಕೆಯಲ್ಲಿರುವ ಕಡೆ. ‘ಕತೆ’, ‘ಕತೆಗಾರ’ ಸರಿಯೇ. ಆದರೆ ‘ಕಥಾವಸ್ತು’ ಸಂಸ್ಕೃತ ಸಮಾಸ, ಅಲ್ಲಿ ಥ ಬಿಡುವಂತಿಲ್ಲ. ಒಂದೇ ಪುಟದಲ್ಲಿ ಕತೆಯೂ ಕಥಾವಸ್ತುವೂ ಬಂದರೆ ಓದುವ ಮಕ್ಕಳಿಗೆ ಒಂದು ತಪ್ಪೆನಿಸುತ್ತದೆ. ನಿರೂಪಣೆಯಲ್ಲೆಲ್ಲ ‘ಕಥೆ’ ಇಟ್ಟು, ಪಾತ್ರಗಳ ಮಾತಿನಲ್ಲಿ ಮಾತ್ರ ‘ಕತೆ’ ಬಿಡೋಣವೇ? ನಮ್ಮ ಒಲವು ಅದರ ಕಡೆಗೇ ಇದೆ. ಆದರೆ ಕತೆಗಾರ, ಕಟ್ಟುಕತೆಯಂಥ ಪದಗಳನ್ನು ಆಗ ಏನು ಮಾಡುವುದು? ಮೈಸೂರು-ಮಂಡ್ಯದ ಕನ್ನಡ ಮೇಷ್ಟ್ರುಗಳು, ಕರಡು ತಿದ್ದುವವರು ತಮ್ಮ ಪದ್ಧತಿಯನ್ನು ದಯವಿಟ್ಟು ಕಾರಣದೊಂದಿಗೆ ತಿಳಿಸಿ.