ತಪ್ಪಿದ ಮೀಟಿಂಗಿನ ರೆಕಾರ್ಡಿಂಗ್ ಹೇಗೆ ಕೇಳೋದು?

ಪ್ರಶ್ನೆ: ನಿನ್ನೆ ಮಳೆಗೆ ಔಟರ್ ರಿಂಗ್ ರೋಡಲ್ಲಿ ಸಿಕ್ಕಿಹಾಕಿಕೊಂಡು ಕ್ಲೈಂಟ್ ಮೀಟಿಂಗ್ ತಪ್ಪಿತು. ನಮ್ಮ ಟೀಮಿನಿಂದ ಇದ್ದವರು ಒಬ್ಬರೇ ಮೇಡಂ, ಸೀನಿಯರ್, ಸದಾ ಬ್ಯುಸಿ. ರೆಕಾರ್ಡಿಂಗ್ ಅಥವಾ ನೋಟ್ಸ್ ಕೇಳೋಕೆ ಸಂಕೋಚ. ಹೇಗೆ ಬರೆಯಲಿ?

ಬೆಳ್ಳಂದೂರಿನಿಂದ: ಕೇಳೋದೇ ಬೇಡ. ಟೀಮ್ಸ್‌ನಲ್ಲಿ ಆ ಮೀಟಿಂಗಿನ ಚಾಟ್ ತೆಗೆಯಿರಿ, ರೆಕಾರ್ಡಿಂಗ್ ಅಲ್ಲೇ ಇರುತ್ತೆ. ಎಲ್ಲರಿಗೂ ತಾನಾಗೇ ಬರುತ್ತೆ.

ಜಯನಗರದಿಂದ: ಮೊದಲು ಚಾಟ್ ನೋಡಿ ಅನ್ನೋದು ಸರಿ. ಆದರೆ ಎಲ್ಲರಿಗೂ ಬರಲ್ಲ. ಯಾರಾದರೂ ರೆಕಾರ್ಡ್ ಒತ್ತಿರಬೇಕು, ಇನ್ವೈಟ್‌ನಲ್ಲಿ ನಿಮ್ಮ ಹೆಸರೂ ಇರಬೇಕು. ಮೀಟಿಂಗ್ ಕರೆದದ್ದು ಕ್ಲೈಂಟ್ ಆಗಿದ್ದರೆ ಫೈಲ್ ಅವರ ಕಂಪನಿಯಲ್ಲೇ ಉಳಿಯುತ್ತೆ. ಆಗ ಮೇಡಂಗೆ ಮನಸ್ಸಿದ್ದರೂ ಕೊಡೋಕಾಗದೇ ಇರಬಹುದು.

ಇನ್ನು ಮೆಸೇಜ್. "ಮೀಟಿಂಗಲ್ಲಿ ಏನಾಯ್ತು ಮೇಡಂ?" ಅಂತ ಮಾತ್ರ ಕೇಳಬೇಡಿ. ಒಂದು ಗಂಟೆಯ ಮಾತನ್ನೆಲ್ಲ ಅವರು ಕೂತು ಬರೆಯಬೇಕಾಗುತ್ತೆ, ಆಮೇಲೆ ನೋಡೋಣ ಅಂತ ಬಿಟ್ಟುಬಿಡುತ್ತಾರೆ. ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ:

"ಮೇಡಂ, ನಿನ್ನೆ 4 ಗಂಟೆ ಮೀಟಿಂಗಿಗೆ ಟ್ರಾಫಿಕ್‌ನಿಂದ ಬರೋಕಾಗಲಿಲ್ಲ. ಚಾಟಲ್ಲಿ ಹುಡುಕಿದೆ, ರೆಕಾರ್ಡಿಂಗ್ ಕಾಣಲಿಲ್ಲ. ಮಾಡಿದ್ದರೆ ಲಿಂಕ್ ಕಳಿಸ್ತೀರಾ? ಇಲ್ಲದಿದ್ದರೆ ನಿಮ್ಮ ನೋಟ್ಸ್‌ನ ಫೋಟೋ ಸಾಕು. ನನಗೆ ಗೊತ್ತಾಗಬೇಕಿರೋದು ಎರಡೇ: ರಿಲೀಸ್ ದಿನ ಬದಲಾಯ್ತಾ, ಟೆಸ್ಟಿಂಗ್ ಯಾರಿಗೆ ಬಂತು. ಹೇಳೋದೇ ಸುಲಭ ಅನ್ನಿಸಿದರೆ 11.30ಕ್ಕೋ, ಊಟ ಆದಮೇಲೆ 2.30ಕ್ಕೋ 10 ನಿಮಿಷ ಕಾಲ್ ಮಾಡ್ಲಾ?"

ಎರಡು ಹೊತ್ತು ಕೊಟ್ಟರೆ ಅವರು "2.30" ಅಂತ ಒತ್ತಿದರೆ ಮುಗೀತು. "ಫ್ರೀ ಇದ್ದಾಗ ಹೇಳಿ" ಅಂದರೆ ಆ ಫ್ರೀ ಬರೋದೇ ಇಲ್ಲ.

ಯಲಹಂಕದಿಂದ: ನಮ್ಮ ಅಪಾರ್ಟ್‌ಮೆಂಟ್ ಅಸೋಸಿಯೇಷನ್ ಮೀಟಿಂಗದೂ ಇದೇ ಗೋಳು! ಸೆಕ್ರೆಟರಿ ಮಿನಿಟ್ಸ್ ಕಳಿಸ್ತೀನಿ ಅಂತಾರೆ, ಕಳಿಸಲ್ಲ. ಟ್ಯಾಂಕರ್ ನೀರಿನ ದುಡ್ಡು ಜಾಸ್ತಿ ಮಾಡಿದ್ದು ಬಿಲ್ ಬಂದಮೇಲೇ ಗೊತ್ತಾಗಿದ್ದು.

ಮಲ್ಲೇಶ್ವರದಿಂದ: ನೋಟ್ಸ್‌ನ ಫೋಟೋ ಕೇಳೋದು ನನಗೆ ಸರಿ ಕಾಣಲ್ಲ. ನಾನೂ ಸೀನಿಯರೇ. ನನ್ನ ನೋಟ್‌ಬುಕ್ಕಲ್ಲಿ ಅರ್ಧ ಬಾಣದ ಗುರುತು, ಪಕ್ಕದಲ್ಲಿ ಯಾರ ಬಗ್ಗೆಯೋ ಗೀಚಿದ್ದು, ಕೆಳಗೆ ದಿನಸಿ ಪಟ್ಟಿ. ಅದನ್ನು ಯಾರಿಗೆ ತೋರಿಸಲಿ? ನೇರವಾಗಿ 10 ನಿಮಿಷ ಕೇಳಿ, ಕೊಡ್ತೀನಿ.

ಜಯನಗರದಿಂದ: ಅದೂ ನಿಜ. ಫೋಟೋ ಸಾಲು ತೆಗೆದುಬಿಡಿ. ಆದರೆ ಕಾಲ್‌ಗಿಂತ ಎರಡು ಸಾಲು ಬರೆಯೋದೇ ವಾಸಿ ಅನ್ನುವವರೂ ಇದ್ದಾರೆ, ಮೇಡಂ ಯಾವ ಥರ ಅಂತ ನಿಮಗೇ ಗೊತ್ತಿರಬೇಕು. ಕಾಲ್ ಆದರೆ, ಮುಗಿದ ತಕ್ಷಣ "ರಿಲೀಸ್ ಮುಂದಿನ ಗುರುವಾರ, ಟೆಸ್ಟಿಂಗ್ ನಂದು, ಸರೀನಾ?" ಅಂತ ಚಾಟಲ್ಲಿ ಹಾಕಿ. ತಪ್ಪು ಕೇಳಿಸಿಕೊಂಡಿದ್ದರೆ ಅಲ್ಲೇ ತಿದ್ದುತ್ತಾರೆ.

ಕೇಳಿದವರು: ಮೀಟಿಂಗ್ ಕರೆದದ್ದು ಕ್ಲೈಂಟೇ. ಫೋಟೋ ಸಾಲು ಬಿಟ್ಟು ಕಳಿಸಿದೆ. "ರೆಕಾರ್ಡ್ ಮಾಡಿದಾರೆ, ನನಗೂ ತೆರೀತಿಲ್ಲ, 2.30ಕ್ಕೆ ಮಾಡಿ" ಅಂದರು. ಲಿಂಕ್ ಬೇಕು ಅಂತ ನಾನೇ ಕ್ಲೈಂಟ್‌ಗೆ ಬರೀಬಹುದಾ, ಮೇಡಂ ಮೂಲಕವೇ ಹೋಗಬೇಕಾ?