ಸಹಾಯ ಬೇಕು: ಜೋಕುಮಾರನ ಚಿತ್ರ ನೋಡಿ ತಪ್ಪು ಹೇಳುವ ಹಿರಿಯರು

ನಮಸ್ಕಾರ. ಚಿಕ್ಕ ಮಕ್ಕಳಿಗಾಗಿ ಉತ್ತರ ಕರ್ನಾಟಕದ ಹಬ್ಬಗಳ ಚಿತ್ರಪುಸ್ತಕ ಬರೆಯುತ್ತಿದ್ದೇನೆ. ಈಗ ಜೋಕುಮಾರನ ಪುಟಕ್ಕೆ ನಿಮ್ಮ ಸಹಾಯ ಬೇಕು.

ಗಣೇಶ ಚವತಿ ಆದಮೇಲೆ, ಅಷ್ಟಮಿಯಿಂದ ಹುಣ್ಣಿಮೆವರೆಗೆ ಹೆಣ್ಣುಮಕ್ಕಳು ಮಣ್ಣಿನ ಜೋಕುಮಾರನನ್ನು ಬುಟ್ಟಿಯಲ್ಲಿ ಕೂರಿಸಿ, ಸುತ್ತ ಬೇವಿನ ಸೊಪ್ಪು ಇಟ್ಟು, ಹಾಡುತ್ತಾ ಮನೆಮನೆಗೆ ಬರುತ್ತಾರೆ. ಅವನ ಬಾಯಿಗೆ ಬೆಣ್ಣೆ ಹಚ್ಚುತ್ತಾರೆ. ಜೋಳ ಕೊಟ್ಟವರಿಗೆ ಬೇವಿನೆಲೆ, ನುಚ್ಚು ಸಿಗುತ್ತದೆ. ಅದನ್ನು ಬೆಳೆ ಚೆನ್ನಾಗಿ ಬರಲೆಂದು ಹೊಲದಲ್ಲಿ ಚೆಲ್ಲುತ್ತಾರೆ. ಬರಹಕ್ಕೆ ಇಷ್ಟು ಸಾಕು. ಆದರೆ ಚಿತ್ರಕ್ಕೆ ಸಾಲದು, ಅಲ್ವಾ? ನಿಮ್ಮೂರಲ್ಲಿ ಬುಟ್ಟಿ ತಲೆ ಮೇಲೋ, ಸೊಂಟದ ಮೇಲೋ? ಬೆಣ್ಣೆ ಹಚ್ಚುವುದು ಮನೆಯವರೋ, ಬುಟ್ಟಿ ಹೊತ್ತವರೋ? ಜೋಳವನ್ನು ಮೊರದಲ್ಲಿ ತಂದು ಕೊಡುತ್ತಿದ್ದರೋ?

ಬಾಗಲಕೋಟೆ, ಗದಗ, ಕೊಪ್ಪಳ ಕಡೆಯವರು ಮನೆಯ ಅಜ್ಜಿಗೆ ಪೆನ್ಸಿಲ್ ಚಿತ್ರ ತೋರಿಸುತ್ತೀರಾ? ಒಂದು ವಿನಂತಿ. "ಇದು ಸರಿನಾ?" ಎಂದು ಕೇಳಬೇಡಿ. ಹಾಗೆ ಕೇಳಿದರೆ ಬೇಜಾರಾಗದಿರಲಿ ಎಂದು "ಚಲೋ ಐತಿ" ಅಂತಾರೆ. "ಇದರಾಗ ಏನು ತಪ್ಪೈತಿ?" ಅಂತ ಕೇಳಿ, ಸುಮ್ನೆ ಕಾಯಿರಿ. ಅವರ ಮಾತನ್ನು ಹಾಗೇ ರೆಕಾರ್ಡ್ ಮಾಡಿ, ಊರಿನ ಹೆಸರು ಸೇರಿಸಿ. ಇಬ್ಬರು ಬೇರೆ ಬೇರೆ ಹೇಳಿದರೆ ಎರಡನ್ನೂ ಕಳಿಸಿ. ಪುಸ್ತಕದಲ್ಲಿ ಊರು ಹೇಳಿ ಎರಡನ್ನೂ ಬಿಡಿಸುತ್ತೇವೆ.

ಚಿತ್ರ ಬೇಕಾದವರು ಕೆಳಗೆ ಊರಿನ ಹೆಸರು ಬರೆಯಿರಿ, ಕಳಿಸುತ್ತೇನೆ.