ಕರಾವಳಿಯ ಮುಖಕ್ಕೆ ಜರ್ಮನಿಯ ಚಳಿ: ಮೊದಲು ಏನು ಬದಲಿಸಬೇಕು?

ಕಾಪು ಹುಡುಗಿ: ಅಕ್ಟೋಬರ್‌ನಲ್ಲಿ ಓದಲು ಜರ್ಮನಿಗೆ ಹೋಗುತ್ತಿದ್ದೇನೆ. ಎಣ್ಣೆ ಮುಖ, ಮೊಡವೆಯೂ ಇದೆ. ದಿನಕ್ಕೆರಡು ಸಲ ಸ್ಯಾಲಿಸಿಲಿಕ್ ಆಸಿಡ್ ಫೇಸ್‌ವಾಶ್, ಮೇಲೆ ಹಯಲುರಾನಿಕ್ ಜೆಲ್. ಚಳಿಗೆ ಇದರಲ್ಲಿ ಏನನ್ನು ಬದಲಿಸಬೇಕು?

ಮಲ್ಪೆ ಮಾಮ: ಏನೂ ಬೇಡ ಮಾರಾಯ್ತಿ. ಗಾಣದ ತೆಂಗಿನೆಣ್ಣೆ ಒಂದು ಬಾಟಲಿ ಕೊಂಡುಹೋಗು. ನಮ್ಮ ಅಜ್ಜಿಯ ಚರ್ಮ ಎಂಬತ್ತರಲ್ಲೂ ಹೊಳೆಯುತ್ತಿತ್ತು.

ಗಲ್ಫ್ ರಿಟರ್ನ್: ನಾನು ಹನ್ನೊಂದು ವರ್ಷ ಮರಳುಗಾಡಿನಲ್ಲಿದ್ದೆ. ಬಿಸಿಲೇ ದೊಡ್ಡ ಶತ್ರು, ಸನ್‌ಸ್ಕ್ರೀನ್ ನಾಲ್ಕು ಟ್ಯೂಬ್ ತಗೊಳ್ಳಿ.

ಶಿರ್ವದ ಅಕ್ಕ: ಅಣ್ಣ, ಅವಳು ಕೇಳಿದ್ದು ಚಳಿಯ ಬಗ್ಗೆ! ಜರ್ಮನಿಯಲ್ಲಿ ನನಗಿದು ಆರನೇ ಚಳಿಗಾಲ. ಹಿಮಕ್ಕಿಂತ ಮೊದಲು ತೊಂದರೆ ಕೊಡುವುದು ಮನೆಯೊಳಗಿನ ಹೀಟರ್. ಹೊರಗಿನ ತಣ್ಣನೆ ಗಾಳಿಯಲ್ಲಿ ನೀರಿನಂಶವೇ ಕಡಿಮೆ. ಸೊನ್ನೆ ಡಿಗ್ರಿಯ ಆ ಗಾಳಿಯನ್ನು 22ಕ್ಕೆ ಕಾಯಿಸಿದರೆ ಕೋಣೆಯ ತೇವಾಂಶ 20 ಶೇಕಡದ ಆಸುಪಾಸಿಗೆ ಇಳಿಯುತ್ತದೆ. ಊರಲ್ಲಿ ಮಳೆಗಾಲದಲ್ಲಿ 80 ದಾಟುತ್ತದೆ, ಅಲ್ವಾ?

ನಿನ್ನ ಜೆಲ್ ನೀರನ್ನು ಹಿಡಿಯುತ್ತದೆ, ಆದರೆ ಆರಿಹೋಗದ ಹಾಗೆ ಮುಚ್ಚುವುದಿಲ್ಲ. ಊರಿನ ಒದ್ದೆ ಗಾಳಿಯಲ್ಲಿ ಆ ಕೊರತೆ ಗೊತ್ತೇ ಆಗುವುದಿಲ್ಲ. ಜೆಲ್ ಬಿಸಾಡಬೇಡ. ಮುಖ ಒದ್ದೆಯಿರುವಾಗಲೇ ಹಚ್ಚಿ, ಕೂಡಲೇ ಮೇಲೆ ಸೆರಾಮೈಡ್ ಇರುವ ದಪ್ಪ ಕ್ರೀಮ್ ಹಚ್ಚು. ತುಟಿಗೂ ಮೂಗಿನ ಬದಿಗೂ ಪೆಟ್ರೋಲಿಯಂ ಜೆಲ್ಲಿ.

ನನ್ನ ಮೊದಲ ನವೆಂಬರ್ ಹೇಳುತ್ತೇನೆ. ಹಣೆ ಮಿರಮಿರ ಮಿಂಚುತ್ತಿತ್ತು, ಕೆನ್ನೆ ಮಾತ್ರ ಬಿಗಿದು ಉದುರುತ್ತಿತ್ತು. ಎಣ್ಣೆ ಜಾಸ್ತಿಯಾಯಿತೆಂದು ಇನ್ನೂ ತೊಳೆದೆ. ಕೊನೆಗೆ ಸಾದಾ ಕ್ರೀಮ್ ಹಚ್ಚಿದರೂ ಉರಿ. ಚರ್ಮದ ಮೇಲಿನ ರಕ್ಷಣೆಯ ಪದರ ಹಾಳಾಗಿದೆ ಎನ್ನುವುದಕ್ಕೆ ಅದೇ ಗುರುತು. ಆಸಿಡ್ ಪೂರ್ತಿ ಬಿಟ್ಟೆ, ಬೆಳಿಗ್ಗೆ ಬರೀ ನೀರು, ರಾತ್ರಿ ನೊರೆ ಬರದ ಕ್ಲೆನ್ಸರ್. ಸರಿಹೋಗಲು ಮೂರು ವಾರ ಬೇಕಾಯಿತು. ಬಿಸಿನೀರು ಸುರಿದುಕೊಂಡು ಅರ್ಧ ಗಂಟೆ ನಿಲ್ಲುವ ಚಟವನ್ನೂ ಬಿಡಬೇಕಾಯಿತು. ಅದೇ ಕಷ್ಟದ್ದು.

ಕಾಪು ಹುಡುಗಿ: ಆ ದಪ್ಪ ಕ್ರೀಮನ್ನು ಈಗಲೇ ಶುರು ಮಾಡಲಾ ಅಕ್ಕ?

ಶಿರ್ವದ ಅಕ್ಕ: ಬೇಡ, ಈ ಸೆಕೆಯಲ್ಲಿ ಬೆವರಿ ಮೊಡವೆ ಬಂದೀತು. ದವಡೆಯ ಕೆಳಗೆ ಒಂದು ಕಡೆ ಒಂದು ವಾರ ಹಚ್ಚಿ ನೋಡು, ಉರಿ, ತುರಿಕೆ ಬರುತ್ತದಾ ಅಂತ. ಜರ್ಮನಿಯಲ್ಲಿ ಹೀಟರ್ ಹಾಕಿದ ದಿನದಿಂದ ಮುಖಕ್ಕೆ ಶುರು ಮಾಡು. ಆಸಿಡನ್ನು ವಾರಕ್ಕೆರಡು ಸಲಕ್ಕೆ ಇಳಿಸು, ಉರಿ ಬಂದರೆ ನಿಲ್ಲಿಸು.

ಮಲ್ಪೆ ಮಾಮ: ಹಾಗಾದರೆ ತೆಂಗಿನೆಣ್ಣೆ ದಂಡವಾ?

ಶಿರ್ವದ ಅಕ್ಕ: ದಂಡ ಅಲ್ಲ ಮಾಮ. ಸ್ನಾನವಾದ ಕೂಡಲೇ ಕೈಕಾಲಿಗೆ ಒಳ್ಳೆಯದೇ. ಆದರೆ ಮೊಡವೆ ಮುಖಕ್ಕೆ ಬೇಡ, ರಂಧ್ರ ಕಟ್ಟುತ್ತದೆ.

ಮಲ್ಪೆ ಮಾಮ: ನನಗೆ ಅರುವತ್ತು ವರ್ಷದಿಂದ ಕಟ್ಟಿಲ್ಲ.

ಗಲ್ಫ್ ರಿಟರ್ನ್: ಹಿಮದಲ್ಲೂ ಬಿಸಿಲು ಸುಡುತ್ತದೆ ಅಂತ ಕೇಳಿದ್ದೆ, ಅದು ಸುಳ್ಳಾ?

ಶಿರ್ವದ ಅಕ್ಕ: ಸುಳ್ಳಲ್ಲ ಅಣ್ಣ, ಬೆಟ್ಟದ ಹಿಮದಲ್ಲಿ ಸುಡುತ್ತದೆ. ಡಿಸೆಂಬರ್‌ನ ಮೋಡದೂರಲ್ಲಿ ನಾಲ್ಕು ಟ್ಯೂಬ್ ಬೇಡ, ಒಂದು ಸಾಕು.

ಮಲ್ಪೆ ಮಾಮ: ಎಣ್ಣೆ ಬಾಟಲಿಯನ್ನು ಚೆಕ್-ಇನ್ ಪೆಟ್ಟಿಗೆಗೆ ಹಾಕು ಮಗಾ, ಪ್ಲಾಸ್ಟಿಕ್‌ನಲ್ಲಿ ಎರಡು ಸುತ್ತು ಸುತ್ತಿ. ಅಲ್ಲಿ ಗಟ್ಟಿಯಾದರೆ ಹೀಟರ್ ಪಕ್ಕ ಇಡು, ಕರಗುತ್ತದೆ.